ಅಪ್‌ಡೇಟ್: ಬ್ಲಾಂಡ್-ಆಲ್ಟ್‌ಮನ್ ಚಿತ್ರದಲ್ಲಿ ಮೇಲೆ ಗುಂಪುಗೂಡಿದ ಚುಕ್ಕೆಗಳು

ನನ್ನ ಪ್ರಶ್ನೆ: “ಗ್ಲೂಕೋಮೀಟರ್, ಲ್ಯಾಬ್ ಯಂತ್ರ ಎರಡರಲ್ಲೂ ನೋಡಿದ 40 ಜೋಡಿ ಸಕ್ಕರೆ ರೀಡಿಂಗ್ ಇವೆ. ಸರಾಸರಿ ವ್ಯತ್ಯಾಸ +9, ವ್ಯತ್ಯಾಸಗಳ ಹರಡುವಿಕೆ ಅಂದರೆ ಎಸ್‌ಡಿ 10. ಮೀಟರ್ ಹೆಚ್ಚು ತೋರಿಸುತ್ತದೆ ಅಂತಲೇ ಅರ್ಥವೇ?”

ಅಲ್ಲ. ಬ್ಲಾಂಡ್-ಆಲ್ಟ್‌ಮನ್ ಚಿತ್ರ ಎರಡು ಅಳತೆ ವಿಧಾನಗಳು ಎಷ್ಟು ಹೊಂದುತ್ತವೆ ಅಂತ ತೋರಿಸುತ್ತದೆ: ಅಡ್ಡ ಅಕ್ಷದಲ್ಲಿ ಎರಡು ರೀಡಿಂಗ್‌ಗಳ ಸರಾಸರಿ, ನೆಟ್ಟನೆಯದರಲ್ಲಿ ಮೀಟರ್ ಕಳೆ ಲ್ಯಾಬ್. ಸುಮಾರು 95% ವ್ಯತ್ಯಾಸಗಳು ಒಳಗೆ ಬೀಳುವ ಮಿತಿಗೆರೆಗಳು 9 ± 1.96 × 10, ಅಂದರೆ −10.6ರಿಂದ +28.6 ಮಿಗ್ರಾಂ/ಡೆಸಿಲೀಟರ್. ಇಷ್ಟಕ್ಕೇ ನಿಲ್ಲಿಸಿದ್ದರೆ ಮೀಟರ್ ಮೇಲೆ ತಪ್ಪು ಹೊರಿಸಿದಂತಾಗುತ್ತಿತ್ತು.

ಚುಕ್ಕೆಗಳಿಗೆ ಟ್ಯೂಬ್ ಪ್ರಕಾರ ಬಣ್ಣ ಹಾಕಿದಾಗ ಗುಟ್ಟು ಬಯಲಾಯಿತು. ಚಿತ್ತಾಪುರದಿಂದ ಕಲಬುರಗಿಗೆ, ಸಕ್ಕರೆ ಇಳಿಯದಂತೆ ಹಾಕುವ ಫ್ಲೋರೈಡ್ ಇಲ್ಲದ ಟ್ಯೂಬ್‌ನಲ್ಲಿ ಎರಡು ತಾಸು ತಡವಾಗಿ ಬಂದ 15 ಮಾದರಿಗಳ ಸರಾಸರಿ +19; ತಕ್ಷಣ ಪರೀಕ್ಷಿಸಿದ 25ರದ್ದು ಬರೀ +3. ಟ್ಯೂಬ್‌ನೊಳಗೂ ರಕ್ತಕಣಗಳು ತಾಸಿಗೆ ಸುಮಾರು 5–7% ಸಕ್ಕರೆ ತಿನ್ನುತ್ತವೆ, ನಮ್ಮ ಬಿಸಿಲಿಗೆ ಇನ್ನೂ ಬೇಗ. ಮೀಟರ್ ಏರಿಸಿದ್ದಲ್ಲ, ಲ್ಯಾಬ್ ಸಂಖ್ಯೆ ಇಳಿದದ್ದು. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಕೂಡ ಮೊದಲ ಒಂದೆರಡು ತಾಸು ಇದನ್ನು ಪೂರ್ತಿ ತಡೆಯುವುದಿಲ್ಲ. ಪ್ಲಾಸ್ಮಾ ಬೇಗ ಬೇರ್ಪಡಿಸುವುದೇ ಸರಿ.

ಆ 25ರ ಎಸ್‌ಡಿ 6. ಹೊಸ ಮಿತಿ −8.8ರಿಂದ +14.8. ಆದರೆ 25 ಜೋಡಿಗೆ ಈ ಗೆರೆಗಳೇ ಗಟ್ಟಿಯಲ್ಲ: ಪ್ರತಿ ಗೆರೆಯ ಸ್ಟ್ಯಾಂಡರ್ಡ್ ಎರರ್ √(3 × 6² ÷ 25), ಸುಮಾರು 2.1. ಅದರ ಸುಮಾರು ಎರಡು ಪಟ್ಟು ಸೇರಿಸಿದರೆ ಮೇಲಿನ ಮಿತಿ 19ರವರೆಗೂ ಇರಬಹುದು. ಗೆರೆಯೊಳಗೆ ಚುಕ್ಕೆಗಳಿವೆ ಅಂದಮಾತ್ರಕ್ಕೆ ಮೀಟರ್ ಪಾಸ್ ಅಲ್ಲ. 19ರ ವ್ಯತ್ಯಾಸ ಚಿಕಿತ್ಸೆ ಬದಲಿಸುತ್ತದೆಯೇ ಎಂಬುದನ್ನು ವೈದ್ಯರೇ ಹೇಳಬೇಕು, ಚಿತ್ರ ಹೇಳುವುದಿಲ್ಲ.