ಅಸಲು ಮುಟ್ಟಿಲ್ಲ, ಆದರೂ ಕರಗುತ್ತಿದೆಯೇ?

ಪ್ರಶ್ನೆ (ನಿವೃತ್ತ ಶಿಕ್ಷಕಿ, ಹಾಸನ): ನಿವೃತ್ತಿಯಾದಾಗ ಬಂದ 10 ಲಕ್ಷ ಎಫ್‌ಡಿಯಲ್ಲಿದೆ. ಬಡ್ಡಿ ಶೇ 7. ತಿಂಗಳಿಗೆ ಸುಮಾರು 5,800 ತಗೊಂಡು ಖರ್ಚು ಮಾಡ್ತೀನಿ, ಅಸಲು ಮುಟ್ಟಿಲ್ಲ. ಆದ್ರೂ ಮಗ "ಅಮ್ಮ, ನೀನು ಅಸಲನ್ನೇ ತಿಂತಿದೀಯ" ಅಂತಾನೆ. ಹೇಗೆ? ನನಗೆ ಆದಾಯ ತೆರಿಗೆ ಬರಲ್ಲ. ಖಾಸಗಿ ಶಾಲೆ, ಪಿಂಚಣಿಯೂ ಇಲ್ಲ.

ಹಣಕಾಸು ಸಲಹೆಗಾರ: ಮಗ ಹೇಳಿದ್ದು ನಿಜ ಮೇಡಂ. ಬೆಲೆಗಳು ವರ್ಷಕ್ಕೆ ಶೇ 5 ಏರುತ್ತವೆ ಅಂತಿಟ್ಟುಕೊಳ್ಳಿ. ಇವತ್ತು 10 ಲಕ್ಷಕ್ಕೆ ಸಿಗುವ ಸಾಮಾನಿಗೆ ಮುಂದಿನ ವರ್ಷ ಹತ್ತೂವರೆ ಲಕ್ಷ ಬೇಕು. ಅಂದರೆ ವರ್ಷಕ್ಕೆ ಬರುವ 70,000 ಬಡ್ಡಿಯಲ್ಲಿ 50,000 ನಿಮ್ಮ ಅಸಲಿನ ಸವಕಳಿಗೆ ಸಿಕ್ಕ ಭರ್ತಿ ಮಾತ್ರ. ನಿಜವಾದ ಗಳಿಕೆ ಉಳಿದ 20,000. ನೀವು 70,000ವನ್ನೂ ಖರ್ಚು ಮಾಡುತ್ತಿದ್ದೀರಿ. ಹತ್ತು ವರ್ಷ ಹೀಗೇ ನಡೆದರೆ ಪಾಸ್‌ಬುಕ್ಕಿನಲ್ಲಿ 10 ಲಕ್ಷವೇ ಕಾಣುತ್ತದೆ, ಆದರೆ ಅದರಿಂದ ಕೊಳ್ಳಬಹುದಾದದ್ದು ಇವತ್ತಿನ 6.14 ಲಕ್ಷದಷ್ಟು. ತಿಂಗಳ 5,800ಕ್ಕೆ ಇವತ್ತಿನ ಸುಮಾರು 3,560ರ ಸಾಮಾನು ಬರುತ್ತದೆ.

ಸಾಫ್ಟ್‌ವೇರ್ ಉದ್ಯೋಗಿ: ಇಷ್ಟೇನಾ? ಏಳರಲ್ಲಿ ಐದು ಕಳೆದ್ರೆ ಎರಡು. ನನ್ನ ಎಫ್‌ಡಿಗೂ ಶೇ 2 ನಿಜವಾದ ಲಾಭ ಇದೆ ಅಂತಾಯ್ತು. ಸಾಕಪ್ಪ.

ಹಣಕಾಸು ಸಲಹೆಗಾರ: ಮೇಡಂಗೆ ಹೌದು, ನಿಮಗೆ ಇಲ್ಲ. ಕಳೆಯುವ ಲೆಕ್ಕ ಅಂದಾಜಿಗೆ ಸಾಕು. 1.07ನ್ನು 1.05ರಿಂದ ಭಾಗಿಸಿದರೆ ಶೇ 1.9 ಬರುತ್ತದೆ, ದೊಡ್ಡ ವ್ಯತ್ಯಾಸವೇನಲ್ಲ. ನೀವು ಬಿಟ್ಟದ್ದು ತೆರಿಗೆ. ಶೇ 30ರ ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ ಬಡ್ಡಿಯ ಶೇ 31.2 ಹೋಗುತ್ತದೆ, ಕೈಗೆ ಸಿಗುವುದು ಶೇ 4.8. ಬೆಲೆ ಶೇ 5 ಏರಿದರೆ ನಿಮ್ಮ ದುಡ್ಡು ವರ್ಷ ವರ್ಷ ತುಸು ಸಣ್ಣದಾಗುತ್ತಿದೆ. ಸವಕಳಿ ತುಂಬಲು ಬಂದ 50,000ಕ್ಕೂ ಇಲಾಖೆ ಪೂರ್ತಿ ತೆರಿಗೆ ಹಾಕುತ್ತದೆ. ಇದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಕಿರಾಣಿ ಅಂಗಡಿಯವರು, ಅರಸೀಕೆರೆ: ಟಿಡಿಎಸ್ ಹಿಡ್ಕೊಂಡಿದ್ರೆ ರಿಟರ್ನ್ ಹಾಕಿ ಮೇಡಂ, ವಾಪಸ್ ಬರುತ್ತೆ. ನನಗೂ ಹಂಗೇ ಬಂತು.

ಪ್ರಶ್ನೆ ಕೇಳಿದವರು: ಟಿಡಿಎಸ್ ಹಿಡಿದಿಲ್ಲ ಅಣ್ಣಾ, ಅದಲ್ಲ ಪ್ರಶ್ನೆ.

ನಿವೃತ್ತ ಸರ್ಕಾರಿ ನೌಕರ: ಎಲ್ಲಾ ಬ್ಯಾಂಕಿನವರದ್ದೇ ಕಿತಾಪತಿ. 2013ರಲ್ಲಿ ಶೇ 9 ಕೊಡ್ತಿದ್ರು. ಆ ಕಾಲಾನೇ ಕಾಲ.

ಹಣಕಾಸು ಸಲಹೆಗಾರ: ಆ ಕಾಲದಲ್ಲಿ ಬೆಲೆಗಳೂ ಶೇ 9ಕ್ಕಿಂತ ಜೋರಾಗಿಯೇ ಏರುತ್ತಿದ್ದವು ಸಾರ್. 2013-14ರಲ್ಲಿ ಆ ಶೇ 9ರಿಂದ ನಿಮಗೆ ನಿಜವಾಗಿ ಉಳಿದದ್ದು ಏನೂ ಇಲ್ಲ. 2020-21 ಇನ್ನೂ ಕೆಟ್ಟದ್ದು: ದೊಡ್ಡ ಬ್ಯಾಂಕುಗಳ ದರ ಶೇ 5ರ ಆಸುಪಾಸು, ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆ ಸರಾಸರಿ ಶೇ 6.2. ಅದೇ 2025ರ ಅಕ್ಟೋಬರ್‌ನಲ್ಲಿ ಆ ಏರಿಕೆ ಶೇ 0.25ಕ್ಕೆ ಇಳಿದಿತ್ತು. ಮೊದಲೇ ಶೇ 7ಕ್ಕೆ ಕಟ್ಟಿಟ್ಟವರಿಗೆ ಅಪರೂಪದ ಲಾಭ. ಬ್ಯಾಂಕಿನ ಬೋರ್ಡಿನಲ್ಲಿರುವ ದರ ಅರ್ಧ ಕಥೆ. ಉಳಿದರ್ಧ ಅವಧಿ ಮುಗಿದ ಮೇಲಷ್ಟೇ ಗೊತ್ತಾಗುವುದು.

ಪ್ರಶ್ನೆ ಕೇಳಿದವರು: ಹಾಗಾದ್ರೆ ತಿಂಗಳಿಗೆ 1,700 ಮಾತ್ರ ಖರ್ಚು ಮಾಡ್ಬೇಕಾ? ನನ್ನ ಮಾತ್ರೆಗಳಿಗೇ ಸಾಲಲ್ಲ.

ಹಣಕಾಸು ಸಲಹೆಗಾರ: 10 ಲಕ್ಷದ ಬೆಲೆ ಕುಂದದಂತೆ ಮಗನಿಗೆ ಬಿಟ್ಟುಹೋಗಬೇಕು ಅಂತಿದ್ದರೆ ಮಾತ್ರ. ಅಸಲು ತಿನ್ನುವುದು ತಪ್ಪಲ್ಲ, ತಿನ್ನುತ್ತಿದ್ದೇವೆ ಅಂತ ಗೊತ್ತಿರಬೇಕು. ತಿಂಗಳಿಗೆ 4,200ರಿಂದ ಶುರುಮಾಡಿ ಪ್ರತಿ ವರ್ಷ ಶೇ 5 ಏರಿಸಿಕೊಂಡು ಹೋದರೆ, ಶೇ 7 ಬಡ್ಡಿ ಸಿಗುತ್ತಲೇ ಇದ್ದರೆ, ದುಡ್ಡು ಸುಮಾರು 25 ವರ್ಷ ಬರುತ್ತದೆ. ಮೊದಲ ವರ್ಷಗಳಲ್ಲಿ ಈಗಿನದಕ್ಕಿಂತ ಕಮ್ಮಿ, ಏಳನೇ ವರ್ಷದ ಹೊತ್ತಿಗೆ 5,600 ದಾಟುತ್ತದೆ. ಇದು ನಡೆಯಬೇಕಾದರೆ ಈಗಿನ ತಿಂಗಳ ಬಡ್ಡಿಯಲ್ಲಿ ಉಳಿದ 1,600ನ್ನು ಅದೇ ದರಕ್ಕೆ ಮತ್ತೆ ಠೇವಣಿಗೆ ಹಾಕುತ್ತಾ ಹೋಗಬೇಕು.

ಒಂದು ಎಚ್ಚರಿಕೆ. ಶೇ 5 ನನ್ನ ಊಹೆ. 2012ರ ಆಧಾರದ ಸೂಚ್ಯಂಕದಲ್ಲಿ ಆರೋಗ್ಯದ ಪಾಲು ಶೇ 6ರಷ್ಟೂ ಇರಲಿಲ್ಲ. ನಿಮ್ಮ ಖರ್ಚಿನಲ್ಲಿ ಮಾತ್ರೆ, ಡಾಕ್ಟರೇ ಹೆಚ್ಚಾದರೆ ಸರ್ಕಾರದ ಅಂಕಿ ನಿಮ್ಮ ಮನೆಯದ್ದಲ್ಲ. ಔಷಧಿ ಅಂಗಡಿಯ ಹಳೆಯ ಚೀಟಿ ಇದ್ದರೆ ಈ ವರ್ಷದ್ದರ ಪಕ್ಕ ಇಟ್ಟು ನೋಡಿ.

ನಿವೃತ್ತ ಸರ್ಕಾರಿ ನೌಕರ: ನನಗೆ ಪಿಂಚಣಿ ಜೊತೆ ತುಟ್ಟಿಭತ್ಯೆ ಏರ್ತಾ ಇರುತ್ತೆ, ಅದಕ್ಕೇ ಇದು ತಿಳೀಲಿಲ್ಲ ಅನ್ಸುತ್ತೆ. ಆದ್ರೆ ಮೇಡಂ 25 ವರ್ಷಕ್ಕಿಂತ ಹೆಚ್ಚು ಬದುಕಿದ್ರೆ?

ಹಣಕಾಸು ಸಲಹೆಗಾರ: ಅದಕ್ಕೆ ಎಫ್‌ಡಿಯಲ್ಲಿ ಉತ್ತರ ಇಲ್ಲ. ಒಂದು ಪಾಲು ಷೇರಿನ ಕಡೆ ಇಡಿ ಅಂತ ಕೆಲವರು ಹೇಳುತ್ತಾರೆ. ಬೇರೆ ಆದಾಯವೇ ಇಲ್ಲದವರಿಗೆ ಹಾಗೆ ಹೇಳಲು ನನಗೆ ಧೈರ್ಯ ಸಾಲದು. ಮೇಡಂ, ಮನೆ ಸ್ವಂತದ್ದೋ ಬಾಡಿಗೆಯದ್ದೋ?

ಪ್ರಶ್ನೆ ಕೇಳಿದವರು: ಬಾಡಿಗೆ. 11 ತಿಂಗಳಿಗೊಮ್ಮೆ ಏರಿಸ್ತಾರೆ.

ಹಣಕಾಸು ಸಲಹೆಗಾರ: ಹಾಗಿದ್ದರೆ ಶೇ 5 ಸಾಲದು. ಎಷ್ಟು ಏರಿಸುತ್ತಾರೆ ಹೇಳಿ, ಲೆಕ್ಕ ಮತ್ತೆ ಹಾಕೋಣ.