ಕೆನಡಾ ಪಿಆರ್‌ಗೆ ಸೆಟ್ಲ್‌ಮೆಂಟ್ ಫಂಡ್: ಎಷ್ಟು ತೋರಿಸಬೇಕು, ಎಷ್ಟು ದಿನ ಇಟ್ಟಿರಬೇಕು?

ಕೇಳಿದವರು (ಸಾಗರ, ಸದ್ಯ ಬೆಂಗಳೂರು): ಎಕ್ಸ್‌ಪ್ರೆಸ್ ಎಂಟ್ರಿಯ ಫೆಡರಲ್ ಸ್ಕಿಲ್ಡ್ ವರ್ಕರ್ ಅಡಿಯಲ್ಲಿ ಪ್ರೊಫೈಲ್ ಹಾಕಿದ್ದೇನೆ. ನಾನು, ಹೆಂಡತಿ, ಇಬ್ಬರು ಮಕ್ಕಳು. ಮೊದಲು ನಾನೊಬ್ಬನೇ ಹೋಗುವ ಯೋಚನೆ, ಅವರು ಆಮೇಲೆ. ಉಳಿತಾಯ ಖಾತೆಯಲ್ಲಿ 2.5 ಲಕ್ಷ, ಎಫ್‌ಡಿ 7 ಲಕ್ಷ, ಪಿಪಿಎಫ್ 4 ಲಕ್ಷ ಇದೆ. ಅಪ್ಪ 8 ಲಕ್ಷ ಕೊಡುತ್ತಾರೆ. ಶಿವಮೊಗ್ಗದಲ್ಲಿ ಒಂದು ಸೈಟೂ ಇದೆ. ಹೆಂಡತಿಯ ಖಾತೆಯಲ್ಲಿ 3 ಲಕ್ಷ. ಇದರಲ್ಲಿ ಯಾವುದು ಲೆಕ್ಕಕ್ಕೆ ಬರುತ್ತದೆ? ಆರು ತಿಂಗಳು ದುಡ್ಡು ಮುಟ್ಟಲೇಬಾರದಾ? ಅನುಭವ ಇದ್ದವರು ಹೇಳಿ.

ಟೊರೊಂಟೊದಲ್ಲಿರುವವರು: ನನಗೆ ಒಂದು ಡಾಲರ್ ಕೂಡ ತೋರಿಸಬೇಕಾಗಲಿಲ್ಲ. ಇಲ್ಲೇ ಕೆಲಸ ಮಾಡುತ್ತಿದ್ದೆ, ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್‌ನಲ್ಲಿ ಪಿಆರ್ ಅರ್ಜಿ ಹಾಕಲು ಕರೆ ಬಂತು. ಫಾರ್ಮ್‌ನಲ್ಲಿ ಫಂಡ್ ದಾಖಲೆ ಕೇಳುವ ಜಾಗದಲ್ಲಿ 'ನನಗೆ ಇದು ಅನ್ವಯಿಸುವುದಿಲ್ಲ' ಅಂತ ಒಂದು ಪತ್ರ ಹಾಕಿದೆ, ಅಷ್ಟೇ.

ದಾವಣಗೆರೆಯವರು: ಕೆನಡಾದ ಬ್ಯಾಂಕಲ್ಲಿ ಜಿಐಸಿ ಖಾತೆ ತೆಗೆದು ದುಡ್ಡು ಕಟ್ಟಬೇಕು ಸರ್. ನನ್ನ ತಂಗಿ ಹಾಗೇ ಮಾಡಿದಳು.

ಕ್ಯಾಲ್ಗರಿಯಲ್ಲಿ ಐದನೇ ವರ್ಷ: ಜಿಐಸಿ ಓದಲು ಹೋಗುವವರ ವಿಷಯ ಸರ್, ಪಿಆರ್‌ಗೆ ಅದರ ಅಗತ್ಯವಿಲ್ಲ. ದುಡ್ಡು ಭಾರತದ ಬ್ಯಾಂಕಲ್ಲೇ ಇರಬಹುದು. ಟೊರೊಂಟೊದವರ ದಾರಿಯೂ ಇವರದಲ್ಲ, ಫೆಡರಲ್ ಸ್ಕಿಲ್ಡ್ ವರ್ಕರ್‌ನವರು ಹೊರಗಿನಿಂದ ಅರ್ಜಿ ಹಾಕುವಾಗ ದುಡ್ಡು ತೋರಿಸಲೇಬೇಕು.

ಸಾಗರದವರೇ, ಮೊದಲು ತಲೆ ಎಣಿಕೆ ಸರಿ ಮಾಡಿಕೊಳ್ಳಿ. ನೀವೊಬ್ಬರೇ ಹೋದರೂ ಲೆಕ್ಕ ನಾಲ್ಕು ಜನರದ್ದೇ. ಜೊತೆಗೆ ಬಾರದ ಹೆಂಡತಿ ಮಕ್ಕಳನ್ನೂ ಎಣಿಸುತ್ತಾರೆ. 2025ರ ಜುಲೈ 7ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಒಬ್ಬರಿಗೆ 15,263, ನಾಲ್ವರಿಗೆ 28,362 ಕೆನಡಾ ಡಾಲರ್. ಇದು ವರ್ಷಕ್ಕೊಮ್ಮೆ ಏರುತ್ತಿರುತ್ತದೆ, ಹಾಗಾಗಿ ಅರ್ಜಿ ಹಾಕುವ ದಿನ ಕೆನಡಾದ ವಲಸೆ ಇಲಾಖೆ ಐಆರ್‌ಸಿಸಿಯ ಪುಟದಲ್ಲಿರುವ ಮೊತ್ತವನ್ನೇ ಹಿಡಿಯಿರಿ.

ಡಾಲರ್‌ಗೆ 62 ರೂಪಾಯಿ ಅಂತ ಇಟ್ಟುಕೊಂಡರೆ 17.58 ಲಕ್ಷ ಆಗುತ್ತದೆ. 66 ಆದರೆ 18.72 ಲಕ್ಷ. ನಿಮ್ಮ ಉಳಿತಾಯ, ಎಫ್‌ಡಿ, ಅಪ್ಪನ ದುಡ್ಡು ಸೇರಿ 17.5 ಲಕ್ಷ. ಅಂದರೆ ಈಗಲೇ ಕೂದಲೆಳೆಯಷ್ಟು ಕಡಿಮೆ, ರೂಪಾಯಿ ಇನ್ನೊಂಚೂರು ಇಳಿದರೆ ಒಂದು ಲಕ್ಷಕ್ಕೂ ಮೇಲೆ ಕಡಿಮೆ. 20 ಲಕ್ಷದ ಆಸುಪಾಸು ಇಟ್ಟುಕೊಂಡರೆ ನೆಮ್ಮದಿ.

ಹೆಂಡತಿಯನ್ನು 'ಜೊತೆಗೆ ಬರುತ್ತಾರೆ' ಅಂತ ತೋರಿಸುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಜೊತೆಗೆ ಬರುವ ಸಂಗಾತಿಯ ಜೊತೆಗಿನ ಜಂಟಿ ಖಾತೆ ನೇರವಾಗಿ ಲೆಕ್ಕಕ್ಕೆ ಸೇರುತ್ತದೆ. ಅವರೊಬ್ಬರ ಹೆಸರಿನಲ್ಲಿ ಇದ್ದರೆ ಆ ದುಡ್ಡು ನಿಮ್ಮ ಕೈಗೂ ಸಿಗುತ್ತದೆ ಅಂತ ತೋರಿಸಬೇಕು. ಆ 3 ಲಕ್ಷ ಸೇರಿದರೆ ನೀವು 20.5ಕ್ಕೆ ಬಂದಿರಿ. ಸೈಟ್ ಇದ್ದ ಹಾಗೇ ಲೆಕ್ಕಕ್ಕೆ ಬರುವುದಿಲ್ಲ, ಮಾರಿ ದುಡ್ಡು ಖಾತೆಗೆ ಬಿದ್ದರೆ ಮಾತ್ರ. ಪಿಪಿಎಫ್ ಬೀಗ ಹಾಕಿದ ದುಡ್ಡು, ಅದನ್ನು ನಂಬಿ ಲೆಕ್ಕ ಹಾಕಬೇಡಿ. ನಿಯಮದ ಪ್ರಕಾರ ಎಷ್ಟು ತೆಗೆಯಲು ಬರುತ್ತದೋ ಅಷ್ಟನ್ನು ತೆಗೆದು ಉಳಿತಾಯ ಖಾತೆಗೆ ಹಾಕಿಕೊಳ್ಳಿ.

ಹುಬ್ಬಳ್ಳಿಯವರು: ಒಂದು ಮಾತು ಬಿಟ್ಟು ಹೋಯ್ತ್ರಿ. ಪೂರಾ ಮೊತ್ತ ಆರು ತಿಂಗಳು ಖಾತೆಯಾಗ ಕುಂತಿರಬೇಕು. ಒಂದು ದಿನ ಕಡಿಮೆ ಆದ್ರೂ ರಿಜೆಕ್ಟ್.

ಕ್ಯಾಲ್ಗರಿಯಲ್ಲಿ ಐದನೇ ವರ್ಷ: ಹಾಗೊಂದು ನಿಯಮ ಇಲ್ಲ ಸರ್, ಆದರೆ ಈ ಮಾತು ಎಲ್ಲಿಂದ ಹುಟ್ಟಿತು ಅಂತ ಗೊತ್ತು. ಬ್ಯಾಂಕ್ ಪತ್ರದಲ್ಲಿ ಪ್ರತಿ ಖಾತೆಯ ಕಳೆದ ಆರು ತಿಂಗಳ ಸರಾಸರಿ ಬ್ಯಾಲೆನ್ಸ್ ಕೇಳುತ್ತಾರೆ. ಈಗಿನ ಬ್ಯಾಲೆನ್ಸ್ 10.5 ಲಕ್ಷ, ಸರಾಸರಿ 3 ಲಕ್ಷ ಅಂತ ಇದ್ದರೆ ಅಧಿಕಾರಿ 'ಉಳಿದದ್ದು ಎಲ್ಲಿಂದ ಬಂತು' ಅಂತ ನೋಡೇ ನೋಡುತ್ತಾರೆ, ಸಾಲ ತಂದು ತೋರಿಸಿದ ದುಡ್ಡು ನಡೆಯುವುದಿಲ್ಲವಲ್ಲ. ಬಂದ ದಾರಿಗೆ ಕಾಗದ ಇದ್ದರೆ ಇತ್ತೀಚೆಗೆ ಬಂದ ದುಡ್ಡೂ ನಡೆಯುತ್ತದೆ. ನಾವು ಅರ್ಜಿ ಹಾಕುವ ಮುಂಚೆ ಸೈಟ್ ಮಾರಿದ್ದೆವು. ಕ್ರಯಪತ್ರದ ಪ್ರತಿ, ಚೆಕ್ ಜಮಾ ಆದ ಸಾಲಿಗೆ ಗುರುತು ಹಾಕಿದ ಸ್ಟೇಟ್‌ಮೆಂಟ್, ಒಂದು ಪುಟದ ವಿವರಣೆ ಪತ್ರ ಇಟ್ಟೆವು. ಮರುಪ್ರಶ್ನೆ ಬರಲಿಲ್ಲ.

ಕಾಯಬೇಕಾದ್ದು ಮುಂದಿನ ಕಾಲದಲ್ಲಿ. ಅರ್ಜಿ ಹಾಕುವ ದಿನ ಇದ್ದ ದುಡ್ಡು ವೀಸಾ ಕೊಡುವ ದಿನವೂ ಇರಬೇಕು. ಅರ್ಜಿ ಹೋಯಿತಲ್ಲ ಅಂತ ಎಫ್‌ಡಿ ಮುರಿದು ಕಾರು ಕೊಳ್ಳಬೇಡಿ, ನಡುವೆ ಹೊಸ ಪತ್ರ ಕೇಳಬಹುದು.

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮೈಸೂರು: ಪತ್ರದ ವಿಷಯದಲ್ಲೇ ಬಹಳ ಜನ ಒದ್ದಾಡುವುದನ್ನು ಕೌಂಟರಿನ ಈ ಕಡೆಯಿಂದ ನೋಡಿದ್ದೇನೆ. ಶಾಖೆಯಲ್ಲಿ 'ಬ್ಯಾಲೆನ್ಸ್ ಸರ್ಟಿಫಿಕೇಟ್ ಕೊಡಿ' ಅಂದರೆ ಇವತ್ತಿನ ಮೊತ್ತ ಬರೆದ ಎರಡು ಸಾಲಿನ ಕಾಗದ ಕೊಡುತ್ತಾರೆ. ಅದು ಸಾಲದು. ಲೆಟರ್‌ಹೆಡ್ ಮೇಲೆ ಶಾಖೆಯ ವಿಳಾಸ, ಫೋನ್, ಇಮೇಲ್, ನಿಮ್ಮ ಹೆಸರು, ಪ್ರತಿ ಖಾತೆಯ ಸಂಖ್ಯೆ, ತೆರೆದ ದಿನಾಂಕ, ಈಗಿನ ಮೊತ್ತ, ಆರು ತಿಂಗಳ ಸರಾಸರಿ, ಕೊನೆಗೆ ಕ್ರೆಡಿಟ್ ಕಾರ್ಡ್ ಮತ್ತು ಸಾಲದ ಬಾಕಿ ಇಷ್ಟೂ ಇರಬೇಕು. ಒಂದು ಮಾದರಿ ಟೈಪ್ ಮಾಡಿಕೊಂಡು ಹೋಗಿ, ತಿಂಗಳ ಕೊನೆಯ ದಿನ ಮಾತ್ರ ಹೋಗಬೇಡಿ. ಕರೆ ಬಂದ ಮೇಲೆ ನಿಮಗಿರುವುದು 60 ದಿನ. ಅದರಲ್ಲಿ ಪೊಲೀಸ್ ಸರ್ಟಿಫಿಕೇಟ್ ಓಡಾಟವೂ ಇರುತ್ತದೆ, ಪತ್ರದ ಮಾತನ್ನು ಶಾಖೆಯಲ್ಲಿ ಈಗಲೇ ಎತ್ತಿಡಿ.

ಎಫ್‌ಡಿ ತಾನಾಗಿ ನವೀಕರಣವಾಗಿದ್ದರೆ ತೆರೆದ ದಿನಾಂಕ ಹೊಸದಾಗಿ ಕಾಣಿಸಬಹುದು. ಹಳೆಯ ರಸೀದಿಯನ್ನೂ ಜೊತೆಗಿಡಿ. ಇನ್ನೊಂದು, ಆ ಎಫ್‌ಡಿ ಮೇಲೆ ಓವರ್‌ಡ್ರಾಫ್ಟ್ ತೆಗೆದಿದ್ದರೆ ಅದಕ್ಕೆ ಬ್ಯಾಂಕಿನ ಹಿಡಿತ ಇರುತ್ತದೆ. ಅಂಥ ದುಡ್ಡನ್ನು ನಿಮ್ಮದು ಅಂತ ತೋರಿಸಲು ಆಗದು.

ಮಂಗಳೂರಿನವರು: ನಮಗೆ 30 ಲಕ್ಷ ಹೋಮ್ ಲೋನ್ ಬಾಕಿ ಇದೆ. ಅದನ್ನು ಬರೆದರೆ ಫಂಡ್‌ನಿಂದ ಕಳೆಯುತ್ತಾರಾ?

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮೈಸೂರು: ಬರೆಯಲೇಬೇಕು, ಮುಚ್ಚಿಡಬೇಡಿ ತಾಯಿ. ಮನೆಯ ಮೇಲಿನ ಸಾಲ ಬೇರೆ, ತೋರಿಸುವ ದುಡ್ಡಿನ ಮೇಲಿನ ಸಾಲ ಬೇರೆ ಅನ್ನುವುದು ನನ್ನ ತಿಳಿವಳಿಕೆ. ಕಂತು ಯಾರು ಕಟ್ಟುತ್ತಾರೆ ಅಂತ ಪತ್ರದಲ್ಲಿ ಹೇಳಿ.

ಕ್ಯಾಲ್ಗರಿಯಲ್ಲಿ ಐದನೇ ವರ್ಷ: ಹೋಮ್ ಲೋನ್ ಇಟ್ಟುಕೊಂಡೇ ಬಂದವರು ನನಗೆ ಗೊತ್ತು. ಆದರೆ ನಿಯಮದಲ್ಲಿ 'ಸಾಲದ ಹೊರೆ ಇಲ್ಲದ ದುಡ್ಡು' ಅಂತ ಇದೆ, ಅದನ್ನು ಎಲ್ಲಿಯವರೆಗೆ ಎಳೆಯುತ್ತಾರೆ ಅನ್ನುವುದು ಅಧಿಕಾರಿಗೆ ಬಿಟ್ಟದ್ದು. ಸ್ವಲ್ಪ ಹೆಚ್ಚೇ ತೋರಿಸಿ ಮೇಡಂ.

ಕೇಳಿದವರು: ತುಂಬಾ ಉಪಕಾರವಾಯಿತು. ಹೆಂಡತಿಯನ್ನು ಜೊತೆಗೇ ಸೇರಿಸುತ್ತೇನೆ. ಉಳಿದದ್ದು ಅಪ್ಪನ 8 ಲಕ್ಷ. ಅಡಿಕೆ ಮಾರಿದ ದುಡ್ಡು, ಐದು ಲಕ್ಷ ಸೊಸೈಟಿಯಿಂದ ಖಾತೆಗೆ ಬಂದಿದೆ. ಮೂರು ಲಕ್ಷ ನಗದು ಮನೆಯಲ್ಲಿದೆ.

ಕ್ಯಾಲ್ಗರಿಯಲ್ಲಿ ಐದನೇ ವರ್ಷ: ನಗದನ್ನು ನಿಮ್ಮ ಖಾತೆಗೆ ನೇರವಾಗಿ ತುಂಬಬೇಡಿ. ಅಪ್ಪ ತಮ್ಮ ಖಾತೆಗೆ ಕಟ್ಟಲಿ, ಅಲ್ಲಿಂದ ಎಂಟೂ ಲಕ್ಷ ನಿಮಗೆ ವರ್ಗಾವಣೆ ಆಗಲಿ. 'ಮಗನಿಗೆ ದಾನವಾಗಿ ಕೊಟ್ಟಿದ್ದೇನೆ, ವಾಪಸ್ ಕೇಳುವುದಿಲ್ಲ' ಅಂತ ಗಿಫ್ಟ್ ಡೀಡ್ ಮಾಡಿಸಿ, ಅಪ್ಪನ ಸ್ಟೇಟ್‌ಮೆಂಟ್ ಜೊತೆಗಿಡಿ. ಸೊಸೈಟಿಯ ಐದು ಲಕ್ಷಕ್ಕೆ ತೊಂದರೆ ಇಲ್ಲ. ಆ ಮೂರು ಲಕ್ಷಕ್ಕೆ ಮಾರಿದ ಬಿಲ್ ಇದೆಯಾ?

ಕೇಳಿದವರು: ಒಂದು ಲಕ್ಷದ ಚಿಲ್ಲರೆಗೆ ಮಂಡಿಯ ಬಿಲ್ ಇದೆ. ಉಳಿದದ್ದು ಮನೆಬಾಗಿಲಲ್ಲೇ ವ್ಯಾಪಾರ ಆದದ್ದು, ಕಾಗದ ಇಲ್ಲ.

ಕ್ಯಾಲ್ಗರಿಯಲ್ಲಿ ಐದನೇ ವರ್ಷ: ಹಾಗಾದರೆ ಬಿಲ್ ಇರುವಷ್ಟನ್ನು ಮಾತ್ರ ತನ್ನಿ. ಉಳಿದ ಜಾಗವನ್ನು ಪಿಪಿಎಫ್‌ನಿಂದ ತೆಗೆದದ್ದರಿಂದ ತುಂಬಿಸಿ, ಅದಕ್ಕೆ ಪೂರ್ತಿ ದಾಖಲೆ ಇರುತ್ತದೆ.