ಸಹಾಯ ಬೇಕು: ಮರಿ ಬೆಕ್ಕಿನ ಮೊದಲ ಡಾಕ್ಟರ್ ಭೇಟಿ

ಎಲ್ಲರಿಗೂ ನಮಸ್ಕಾರ. ಕಾಂಪೌಂಡಿನಲ್ಲಿ ಸಿಕ್ಕ ಬೆಕ್ಕಿನ ಮರಿಯನ್ನು ನಾಳೆ ಡಾಕ್ಟರ್ ಹತ್ತಿರ ಒಯ್ಯುತ್ತಿದ್ದೇವೆ. ಅಡುಗೆ ತಕ್ಕಡಿಯಲ್ಲಿ 650 ಗ್ರಾಂ ತೂಗಿತು, ಆರೇಳು ವಾರದ್ದಿರಬೇಕು. ಚೆನ್ನಾಗಿ ತಿನ್ನುತ್ತೆ, ಆಡುತ್ತೆ. ಆದರೆ ಮೈತುಂಬ ಚಿಗಟ. ಬಾಚಿದಾಗ ಉದುರಿದ ಕಪ್ಪು ಪುಡಿ ಒದ್ದೆ ಹತ್ತಿಯ ಮೇಲೆ ಕೆಂಪಾಯಿತು, ಅಂದರೆ ಅದು ಚಿಗಟ ಹೀರಿದ ರಕ್ತ. ತುಟಿ ಎತ್ತಿ ನೋಡಿದರೆ ಒಸಡು ಸ್ವಲ್ಪ ಬಿಳಿಚಿಕೊಂಡಿದೆ. ನನಗೆ ಜಾಸ್ತಿ ಭಯ ಇದರದ್ದೇ. ಇಷ್ಟು ಚಿಕ್ಕ ಮರಿಗೆ ಚಿಗಟದಿಂದಲೇ ರಕ್ತ ಕಡಿಮೆಯಾಗಿ ಜೀವಕ್ಕೆ ಅಪಾಯ ಆಗಬಹುದು, ಅಲ್ವಾ?

ಒಸಡು ತೋರಿಸಿ ರಕ್ತಪರೀಕ್ಷೆ ಬೇಕಾ ಎಂದು ಕೇಳುತ್ತೇನೆ. ಈ ತೂಕಕ್ಕೆ ಯಾವ ಚಿಗಟದ ಔಷಧ ಆಗುತ್ತೆ ಎಂದೂ ಕೇಳಬೇಕು. ಮನೆಯಲ್ಲಿ ನಾಯಿಯ ಚಿಗಟದ ಔಷಧ ಇದೆ, ಆದರೆ ಅದರಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ, ಅದನ್ನು ಮುಟ್ಟಿಲ್ಲ. ಜಂತುಹುಳ ನೋಡಲು ಬೆಳಗಿನ ಹೊಸ ಮಲವನ್ನು ಡಬ್ಬಿಯಲ್ಲಿ ಒಯ್ಯುತ್ತೇನೆ.

ಗೊತ್ತಿರುವವರು ಹೇಳಿ: ಒಸಡು ಬಿಳಿಚಿದ್ದಾಗ ನಿಮ್ಮ ಡಾಕ್ಟರ್ ಮೊದಲ ಲಸಿಕೆ ಹಾಕಿದರಾ, ಮುಂದೂಡಿದರಾ? ಹುಳದ ಔಷಧ ಎಷ್ಟು ದಿನಕ್ಕೆ ಮತ್ತೆ ಕೊಟ್ಟರು? ಕಿವಿ, ಕಣ್ಣು, ಹೊಕ್ಕುಳು ಬಿಟ್ಟು ಇನ್ನೇನು ತೋರಿಸಲಿ?